ಅಧ್ಯಕ್ಷರ ಮಾತಿಗೆ ಕತ್ತರಿ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಔಷಧಿ ದಾಸ್ತಾನಿನ ಪಕ್ಕದ ಇಕ್ಕಟ್ಟು ಕೋಣೆಯಲ್ಲಿ ಕೂರುವ ಅವಳನ್ನು ಎಲ್ಲರೂ ಕತ್ತರಿ ಅಕ್ಕ ಎನ್ನುತ್ತಾರೆ. ಕೈಯಲ್ಲಿ ಕತ್ತರಿಯೇನೂ ಇಲ್ಲ. ವಿಡಿಯೊದಲ್ಲಿ ಆಡಿದ್ದನ್ನೆಲ್ಲ ಕಂಪ್ಯೂಟರ್ ಬರಹಕ್ಕಿಳಿಸುತ್ತದೆ. ಆ ಬರಹದಲ್ಲಿ ಅವಳೊಂದು ಸಾಲು ಅಳಿಸಿದರೆ, ವಿಡಿಯೊದಿಂದ ಆ ಮಾತೂ ಆಡಿದ ಮುಖವೂ ಮಾಯ. ದೊಡ್ಡವರ ತೊದಲು, ಕೆಮ್ಮು, ಆತ್ಮಸ್ತುತಿಗಳನ್ನು ಹೀಗೆ ಒರೆಸಿ ಒರೆಸಿ, ಎಷ್ಟೋ ಜನರನ್ನು ಅವಳು ವಾಗ್ಮಿಗಳನ್ನಾಗಿಸಿದ್ದಾಳೆ.

ಕಂಪ್ಯೂಟರ್ ತಪ್ಪಾಗಿ ಬರೆದುಕೊಂಡಿದ್ದರೆ ಮಾತ್ರ ದಾರಿ ಬೇರೆ. ‘ತಿದ್ದು’ ಗುಂಡಿ ಒತ್ತಬೇಕು. ಆಗ ವಿಡಿಯೊದ ಕೆಳಗೆ ಕಾಣುವ ಅಕ್ಷರವಷ್ಟೇ ಬದಲಾಗುತ್ತದೆ, ದನಿ ಹಾಗೇ ಇರುತ್ತದೆ.

ಆ ಸಲ ವಾರ್ಷಿಕೋತ್ಸವದ ವಿಡಿಯೊ ಸಂದೇಶದಲ್ಲಿ ಆಸ್ಪತ್ರೆಯ ಅಧ್ಯಕ್ಷರು ಭಾವುಕರಾಗಿಬಿಟ್ಟರು: “ಬಟ್ಟೆ ಒಗೆಯೋ ವಿಭಾಗದಿಂದ ತೆಗೆದ ಹನ್ನೊಂದು ಜನಾನೂ ನಾಳೆಯಿಂದಲೇ ಕೆಲಸಕ್ಕೆ ಬರಲಿ.” ಹನ್ನೊಂದು ಜನರಲ್ಲಿ ಒಬ್ಬಳು ಕತ್ತರಿ ಅಕ್ಕನ ಚಿಕ್ಕಮ್ಮ.

ಸುದ್ದಿ ತಿಳಿದ ವ್ಯವಸ್ಥಾಪಕರು ಮೆಟ್ಟಿಲಿಳಿದು ಓಡಿಬಂದರು. ಆ ಹನ್ನೊಂದು ಜನರನ್ನು ತೆಗೆದದ್ದೇ ಅವರ ವರ್ಷದ ಸಾಧನೆ.

“ಏಳಮ್ಮ, ನಿನ್ನ ಚಿಕ್ಕಮ್ಮನ ವಿಷಯ ನಿನ್ನ ಕೈಗೆ ಕೊಡಲ್ಲ. ನಾನೇ ಅಳಿಸ್ತೀನಿ.”

ಕುರ್ಚಿ ಎಳೆದುಕೊಂಡು ಕೂತರು. ಆಗಷ್ಟೇ ಅವಳು ಒಂದು ತಪ್ಪು ಸರಿಪಡಿಸುತ್ತಿದ್ದುದರಿಂದ ಕಂಪ್ಯೂಟರಿನಲ್ಲಿ ‘ತಿದ್ದು’ ಗುಂಡಿ ಒತ್ತಿಯೇ ಇತ್ತು. ಅವರು ಸಾಲು ಅಳಿಸಿ, ‘ಈ ಬಗ್ಗೆ ಪರಿಶೀಲಿಸಲಾಗುವುದು’ ಎಂದು ಬರೆದು, ಮೀಸೆ ಸವರಿಕೊಂಡರು.

“ಸಾರ್, ಅದು ತಿದ್ದೋದು. ಹಂಗೆ ಮಾಡಿದ್ರೆ ಅಕ್ಷರ ಹೋಗುತ್ತೆ, ಮಾತು ಹೋಗಲ್ಲ.”

“ನನಗೇ ಪಾಠ ಹೇಳ್ತೀಯಾ? ಕಣ್ಣಾರೆ ಕಾಣ್ತಿದೆಯಲ್ಲ!”

“ಒಂದ್ಸಲ ಹಾಕಿ ಕೇಳಿ ಸಾರ್.”

“ಓದಿದ್ನಲ್ಲ, ಮತ್ತೇನು ಕೇಳೋದು? ಇದನ್ನ ಮುಟ್ಟಿದ್ರೆ ನೀನೂ ಚಿಕ್ಕಮ್ಮನ ಜೊತೆಗೇ ಮನೆಗೆ.”

ಕಡತಗಳನ್ನು ಓದಿಯೇ ಮೇಲೇರಿದ ಮನುಷ್ಯ. ಯಾರ ಮಾತನ್ನೂ ಕೇಳಿ ಅಭ್ಯಾಸವಿರಲಿಲ್ಲ. ಅವಳು ಎರಡು ಸಲ ಹೇಳಿದ್ದಳು. ಮೂರನೆಯ ಸಲ ಹೇಳಲು ಬಾಯಿ ತೆರೆದಾಗ, ಸೋಪಿನ ನೀರಿಗೆ ಬಿರಿದ ಚಿಕ್ಕಮ್ಮನ ಬೆರಳುಗಳು ಕಣ್ಣಮುಂದೆ ಬಂದವು. “ಆಯ್ತು ಸಾರ್, ಮುಟ್ಟಲ್ಲ” ಎಂದಳು.

ಮರುದಿನ ತುಂಬಿದ ಸಭಾಂಗಣ. ತೆರೆಯ ಕೆಳಗೆ ‘ಪರಿಶೀಲಿಸಲಾಗುವುದು’ ಎಂಬ ಅಕ್ಷರ ಮೂಡಿತು. ಮೇಲಿನಿಂದ ಅಧ್ಯಕ್ಷರ ಗದ್ಗದ ಕಂಠ ಹನ್ನೊಂದು ಜನರನ್ನೂ ಕೆಲಸಕ್ಕೆ ಕರೆಯಿತು. ಓದಿದವರು ಯಾರೂ ಇಲ್ಲ. ದಾದಿಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

“ಅಯ್ಯೋ, ಅದನ್ನ ನಾನು ಅಳಿಸಿದ್ದೆ!” ಎಂದು ವ್ಯವಸ್ಥಾಪಕರ ಬಾಯಿಂದ ಹೊರಬಿತ್ತು.

ಪಕ್ಕದಲ್ಲೇ ಕೂತು ಚಪ್ಪಾಳೆಯ ಸವಿಯಲ್ಲಿದ್ದ ಅಧ್ಯಕ್ಷರು ತಿರುಗಿದರು. “ಏನ್ರೀ ಅಳಿಸಿದ್ದು? ನನ್ನ ಮಾತನ್ನಾ?”

“ಇಲ್ಲ ಸಾರ್... ಕಣ್ಣೀರು. ಕಣ್ಣೀರು ಒರೆಸ್ಕೊಂಡೆ ಅಂದೆ.”

“ಹಾಗಿದ್ರೆ ಈಗಲೇ ಆದೇಶ ಬರೆದು ತನ್ನಿ.”

ವ್ಯವಸ್ಥಾಪಕರು ಬರೆದರು. ಸಹಿಗೆ ಒಯ್ಯುವ ಮುನ್ನ, ಹಿಂದಿನ ಸಾಲಿನಲ್ಲಿದ್ದ ಕತ್ತರಿ ಅಕ್ಕನ ಬಳಿ ಬಂದು, ತಗ್ಗಿದ ದನಿಯಲ್ಲಿ, “ಇದನ್ನ ಒಂದ್ಸಲ ಗಟ್ಟಿಯಾಗಿ ಓದಮ್ಮ, ಕೇಳ್ತೀನಿ” ಎಂದರು.