ದಾರದ ತೂತಿನ ಪಕ್ಕದ ಏಳು ಅಕ್ಷರ

ನಾನು ಅಕ್ಷರ ಕಲಿಯಲು ಐಗಳ ಸಾಲಿಗೆ ಹೋದದ್ದು ಎರಡೇ ವರ್ಷ. ಆದರೂ ಇದನ್ನು ಬರೆಯದೆ ಇರಲಾರೆ. ನನ್ನ ಮೊಮ್ಮಗಳು ಓದಿದಳು, ನಮ್ಮಪ್ಪನ ಅಕ್ಷರ ಓದಿದಳು! ಸಂತೋಷ ಎದೆ ತುಂಬಿ ಚೆಲ್ಲುತ್ತಿದೆ.

ಅಪ್ಪ ಸಿರುಗುಪ್ಪದಲ್ಲಿ ತಾಳೆಗರಿ ಗ್ರಂಥ ಬರೆಯುತ್ತಿದ್ದ. ಗರಿ ಬೇಯಿಸಿ, ಒಣಗಿಸಿ, ಅಂಚು ಕತ್ತರಿಸಿ, ದಾರ ಪೋಣಿಸಲು ತೂತು ಕೊರೆದುಕೊಡುವುದು ನನ್ನ ಕೆಲಸ. ಕುರುಗೋಡಿನ ಮಠಕ್ಕೆ ಅವನು ಬರೆದುಕೊಟ್ಟ ಪುರಾಣವನ್ನು ಓದಿಸುವಾಗ ಒಂದು ಪದ್ಯ ಕುಂಟಿತು. ಏಳು ಅಕ್ಷರ ಇಲ್ಲ. ಬರೆದವನೇ ಬಿಟ್ಟಿದ್ದಾನೆ ಎಂದರು ಮಠದವರು. ಅಷ್ಟರಲ್ಲಿ ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿತ್ತು.

"ಬಿಟ್ಟಿಲ್ಲಪ್ಪ, ಆಮ್ಯಾಲೆ ಸೇರ್ಸೀನಿ. ಅಲ್ಲೇ ಎಲ್ಲೋ ಐತಿ," ಎನ್ನುತ್ತಿದ್ದ. ತೋರಿಸಲಾಗಲಿಲ್ಲ. ಆ ಮಾತು ಹೊತ್ತುಕೊಂಡೇ ಸತ್ತ.

ಮುಂದೆ ಗ್ರಂಥವನ್ನೂ ಗೆದ್ದಲು ತಿಂದಿತು. ಅದಕ್ಕೆ ಮೊದಲು ಬಳ್ಳಾರಿ ದಂಡುಪ್ರದೇಶದ ಫೋಟೋದವನೊಬ್ಬ ದಾರ ಬಿಚ್ಚಿ, ಗರಿಗಳನ್ನು ಒಂದರ ಕೆಳಗೊಂದು ಹರಡಿ ತೆಗೆದ ಚಿತ್ರಗಳಷ್ಟೇ ಉಳಿದವು.

ಈಗ ಬಳ್ಳಾರಿಯ ಪಂಡಿತರೊಬ್ಬರು ಆ ಚಿತ್ರ ನೋಡಿ ಅಚ್ಚಿಗಾಗಿ ನಕಲು ಮಾಡುತ್ತಿದ್ದಾರೆಂದು ಕೇಳಿ, ಮೊಮ್ಮಗಳನ್ನು ಕರೆದುಕೊಂಡು ಹೋದೆ. ಆ ಪದ್ಯದ ಎದುರು 'ಬರೆದವನ ತಪ್ಪು' ಎಂದು ಆಗಲೇ ಬರೆದಿದ್ದರು. ಅಚ್ಚಾದರೆ ಮುಗಿಯಿತು, ಅಳಿಸುವವರಿಲ್ಲ.

ಚಿತ್ರದಲ್ಲಿ ಆ ಗರಿಯ ಮೂರನೆಯ ಸಾಲಿನ ಕೆಳಗೆ ಸಣ್ಣದೊಂದು ಕತ್ತರಿ ಗುರುತು ಇತ್ತು. ಅಕ್ಷರ ಬಿಟ್ಟುಹೋದ ಕಡೆ ಅದನ್ನು ಹಾಕಿ, ಬಿಟ್ಟದ್ದನ್ನು ಅಂಚಿನಲ್ಲಿ ಬರೆಯುವುದು ರೂಢಿ. ಎಡ ಅಂಚಿನಲ್ಲಿ ಗರಿಯ ಸಂಖ್ಯೆ. ಬಲ ಅಂಚು ಸೀಳಿಹೋಗಿತ್ತು.

"ಗುರ್ತು ಹಾಕ್ಯಾನ, ಬರಿಯೋದು ಮರ್ತಾನ. ನಾನೇನ್ ಮಾಡ್ಲಿ, ಯಜಮಾನ್ರ?" ಎಂದರು ಪಂಡಿತರು.

ನನ್ನ ಕಣ್ಣು ಆ ಸೀಳಿನ ಮೇಲೆಯೇ ಇತ್ತು. ಅಂಚು ಕತ್ತರಿಸುವಾಗ ಕತ್ತಿ ಜಾರಿಸಿದವನು ನಾನೇ. ಅಂಚಿನಲ್ಲಿ ಜಾಗವಿಲ್ಲದಿದ್ದರೆ ಅಪ್ಪ ಎಲ್ಲಿ ಬರೆದಾನು? ದಾರ ಉಜ್ಜುತ್ತದೆಂದು ತೂತಿನ ಸುತ್ತ ಸಾಲು ಒಡೆದು ಚೌಕ ಜಾಗ ಖಾಲಿ ಬಿಡುತ್ತಾರೆ. ಓದಿ ಪಳಗಿದವರ ಕಣ್ಣು ಅದನ್ನು ಹಾರಿಯೇ ಹೋಗುತ್ತದೆ. ಮಠದಲ್ಲಿ ದಾರ ಮುಚ್ಚಿದ್ದ ಜಾಗ ಚಿತ್ರದಲ್ಲಿ ಬಯಲಾಗಿತ್ತು. ಎಡಗಡೆಯ ತೂತಿನ ಪಕ್ಕ ನೋಡು ಎಂದು ಮೊಮ್ಮಗಳಿಗೆ ಹೇಳಿದೆ.

ಅಲ್ಲಿ ಕಾಣುವ ಮಸುಕು ಗುರುತು ದಾರದ ಕಲೆ ಎಂದರು ಪಂಡಿತರು. ಅವಳು ಭೂತಗನ್ನಡಿ ಹಿಡಿದು ಬಗ್ಗಿದಳು.

"ಕಲಿ ಅಲ್ರೀ. ಮಸಿ ಹೋಗೇತಿ, ಕೊರ್ದ ಗೀರು ಅದಾವ. ತಾತ, ಮುಂದ ಮೂರರ ಅಂಕಿ ಐತಿ."

ಮೂರನೆಯ ಸಾಲಿಗೆ ಸೇರಬೇಕಾದದ್ದು ಎಂದು ಅದರ ಅರ್ಥ. ಒಂದೊಂದೇ ಬಿಡಿಸಿ ಏಳೂ ಅಕ್ಷರ ಓದಿದಳು ನನ್ನ ಬಂಗಾರ. ಪಂಡಿತರು ಅವನ್ನು ಸೇರಿಸಿ ಪದ್ಯವನ್ನು ರಾಗವಾಗಿ ಹೇಳಿದರು. ಕುಂಟಲಿಲ್ಲ. 'ಬರೆದವನ ತಪ್ಪು' ಎಂಬ ತಮ್ಮ ಬರಹವನ್ನು ಹೊಡೆದುಹಾಕಿದರು.

ದಾರಿಯಲ್ಲಿ ಮೊಮ್ಮಗಳು, ಬಲಗಡೆ ಗರಿ ಸೀಳಿದವರು ಯಾರು ಎಂದು ಕೇಳಿದಳು.

"ನಾನವ್ವಾ," ಎಂದೆ.

ಅಪ್ಪನಿಗೆ ಮಾತ್ರ, ಒಣಗುವಾಗ ತಾನೇ ಬಿರಿಯಿತು ಎಂದು ಹೇಳಿದ್ದೆ.