ರೋಸಿನ ಹಾಲು ಮತ್ತು ಮೊಹೆಂಜೊದಾರೊದ ಗುಂಡಿ

ಕಳೆದ ಶುಕ್ರವಾರ, ಕೊಲ್ಲಿ ದೇಶದ ಫಿಂಟಾಸ್ ಎಂಬ ಊರಿನ ಫ್ಲಾಟೊಂದರ ಎರಡನೇ ಮಹಡಿಯಲ್ಲಿ ನಾನು ಸಿಂಧೂ ಕಣಿವೆಯ ನಾಗರಿಕತೆಯನ್ನು ಮರುಸ್ಥಾಪಿಸಿದೆ. ಅದು ಸುಮಾರು ಇಪ್ಪತ್ತು ನಿಮಿಷ ಬಾಳಿತು.

ಪಕ್ಕದ ಫ್ಲಾಟಿನ ಲಾರೆನ್ಸರ ಮಗಳು ಶೆರಿಲ್‌ಗೆ ಮದುವೆ. ಮಂಗಳೂರಿನ ಕ್ರೈಸ್ತರಲ್ಲಿ ಮದುವೆಯ ಮುಂಚಿನ ದಿನ ‘ರೋಸ್’ ಎಂಬ ಶಾಸ್ತ್ರವಿದೆ. ವಧುವನ್ನು ಕೂರಿಸಿ ಬಂಧುಗಳೆಲ್ಲ ಸಾಲಾಗಿ ಬಂದು ತಲೆಗೆ ಎಣ್ಣೆ, ತೆಂಗಿನ ಹಾಲು ಎರೆಯುತ್ತಾರೆ. ಒಬ್ಬರನ್ನೂ ಬಿಡುವ ಹಾಗಿಲ್ಲ. ಬಿಟ್ಟರೆ ಮೂರು ತಲೆಮಾರು ಮಾತು ಬಿಡುತ್ತಾರೆ.

ಊರಲ್ಲಾದರೆ ಅಂಗಳವಿದೆ. ಇಲ್ಲಿ? ಬಾತ್‌ರೂಮಿನಲ್ಲಿ ಮೂವರು ನಿಂತರೆ ನಾಲ್ಕನೆಯವರು ಶವರ್ ಹಿಡಿದು ತೂಗಾಡಬೇಕು. ಹಾಲ್‌ನಲ್ಲೇ ಮಾಡೋಣವೆಂದರೆ ಕೆಳಗಿನ ಫ್ಲಾಟಿನಲ್ಲಿ ಮಾಲೀಕರ ನಾದಿನಿ. ಹಿಂದೊಮ್ಮೆ ಲಾರೆನ್ಸರ ವಾಷಿಂಗ್ ಮೆಷಿನ್ ಸೋರಿ ಅವರ ಸೀಲಿಂಗ್ ಹಾಳಾಗಿತ್ತು. ಕಟ್ಟಡದ ಕಾವಲುಗಾರ, ಇಲ್ಲಿಯವರ ಮಾತಿನಲ್ಲಿ ಹಾರಿಸ್, ಈ ಸಲ ಸ್ಪಷ್ಟವಾಗಿ ಹೇಳಿದ್ದ: ಒಂದು ಹನಿ ಇಳಿದರೂ ಫ್ಲಾಟ್ ಖಲಾಸ್.

ಲಾರೆನ್ಸರು ನನ್ನ ಬಳಿ ಬಂದರು. ನಾನು ಕಂಪನಿಯಲ್ಲಿ ಒಳಚರಂಡಿಯ ನಕ್ಷೆ ಬರೆಯುವವನು. ಅದೂ ಸಾಲದೆಂದು, ಹಿಂದಿನ ತಿಂಗಳಷ್ಟೇ ನಮ್ಮ ಕನ್ನಡಿಗರ ಕೂಟದಲ್ಲಿ ಮೊಹೆಂಜೊದಾರೊ ಬಗ್ಗೆ ಸ್ಲೈಡ್ ಸಮೇತ ಉಪನ್ಯಾಸ ಕೊಟ್ಟವನು. (ಮೊದಲ ಸಾಲಿನಲ್ಲಿ ಎಚ್ಚರವಾಗಿದ್ದ ಏಕೈಕ ಶ್ರೋತೃ ಲಾರೆನ್ಸರ ತಾಯಿ, ವಿಸಿಟ್ ವೀಸಾದಲ್ಲಿ ಬಂದಿದ್ದ ಬಾಯಮ್ಮ.)

ಅಲ್ಲಿನ ಮಹಾ ಸ್ನಾನದ ಕೊಳ ನಿಮಗೆ ಗೊತ್ತಿರಬೇಕು. ಇಳಿಯಲು ಉತ್ತರ, ದಕ್ಷಿಣ ಎರಡೂ ಕಡೆ ಮೆಟ್ಟಿಲು. ಮಲಗಿಸದೆ ಪಕ್ಕೆಯ ಮೇಲೆ ನಿಲ್ಲಿಸಿ ಒತ್ತೊತ್ತಾಗಿ ಜೋಡಿಸಿದ ಸುಟ್ಟ ಇಟ್ಟಿಗೆ, ನಡುವೆ ಜಿಪ್ಸಮ್ ಗಾರೆ. ಅದರ ಹಿಂದೆ ನೀರು ಜಿನುಗದಂತೆ ಡಾಂಬರಿನ ಪದರ. ನೆಲ ಒಂದು ಮೂಲೆಗೆ ಇಳಿಜಾರು. ಆ ಮೂಲೆಯ ತೂತಿನಿಂದ ನೀರು, ಆಳು ನಿಲ್ಲುವಷ್ಟು ಎತ್ತರದ ಮೋರಿಗೆ.

ನಾನು ಅದನ್ನೇ ಕಟ್ಟಿದೆ. ಕಂಪನಿಯ ಗೋದಾಮಿನಿಂದ ಮರದ ಪ್ಯಾಲೆಟ್‌ಗಳನ್ನು ತಂದು ಮೊಣಕಾಲೆತ್ತರ ಪೇರಿಸಿದೆ. ಮೇಲೆ ಹಲಗೆ, ಸುತ್ತ ಗೇಣೆತ್ತರದ ಕಟ್ಟೆ, ಡಾಂಬರಿನ ಸ್ಥಾನದಲ್ಲಿ ಎರಡು ಪದರ ಟಾರ್ಪಾಲು. ಇಳಿಜಾರಿನ ಮೂಲೆಯಲ್ಲಿ ತೂತು, ತೂತಿನಿಂದ ಬಾತ್‌ರೂಮಿಗೆ ಹೋಸ್ ಪೈಪು. ಪೆಪ್ಸಿ ಕ್ರೇಟಿನ ಮೆಟ್ಟಿಲು ಎರಡೂ ಕಡೆ. ಬಂಧುಗಳು ಉತ್ತರದಿಂದ ಹತ್ತಬೇಕು, ದಕ್ಷಿಣಕ್ಕೆ ಇಳಿಯಬೇಕು. ಹಿಂದಿನ ಸಂಜೆ ಎರಡು ಬಕೆಟ್ ನೀರು ಸುರಿದು ನೋಡಿದೆವು. ಗಟಗಟ ಹೋಯಿತು. ಲಾರೆನ್ಸರು ನನ್ನ ಕೈ ಕುಲುಕಿದರು. ನಾನು ವಿನಯ ನಟಿಸಿದೆ.

ಶುಕ್ರವಾರ ತಾಯಿಯ ಕಡೆಯವರು ಹಾಲೆರೆದು ಮುಗಿಸಿದರು. ತಂದೆಯ ಕಡೆಯವರು ಮೆಟ್ಟಿಲಿಗೆ ಬಂದರು. ಆಗ ನೋಡುತ್ತೇನೆ, ಹಾಲು ಇಳಿಯುತ್ತಿಲ್ಲ! ನೀರಿಗೂ ತೆಂಗಿನ ಹಾಲಿಗೂ ವ್ಯತ್ಯಾಸವಿದೆ ಎಂಬುದು ನನ್ನ ನಕ್ಷೆಯಲ್ಲಿ ಇರಲಿಲ್ಲ. ಕಾಯಿ ಹಿಂಡಿದ ಚರಟ, ಮಲ್ಲಿಗೆ ಎಸಳು, ಎಣ್ಣೆ ಎಲ್ಲ ಸೇರಿ ತೂತನ್ನೂ ಪೈಪನ್ನೂ ಬಿರಡೆ ಹಾಕಿದಂತೆ ಮುಚ್ಚಿದ್ದವು. ಕಟ್ಟೆಗೆ ಎರಡೇ ಬೆರಳು ಬಾಕಿ. ಹಾಲಿನ ಮಧ್ಯೆ ಶೆರಿಲ್, “ಅಂಕಲ್, ಈಸ್ ದಿಸ್ ನಾರ್ಮಲ್?” ಎಂದು ಕೇಳಿದಳು.

ಮುಂದುವರಿಸಿದರೆ ಕೆಳಗಿನ ಸೀಲಿಂಗ್. ನಿಲ್ಲಿಸಿದರೆ ಲಾರೆನ್ಸರ ಸ್ವಂತ ಅಕ್ಕ ಚೊಂಬು ಹಿಡಿದು ಮೊದಲ ಮೆಟ್ಟಿಲ ಮೇಲೆ. ಲಾರೆನ್ಸರು ನನ್ನ ಮುಖ ನೋಡಿದರು. ನಾನು ಟಾರ್ಪಾಲಿನ ಮುಖ ನೋಡಿದೆ.

ಬಾಯಮ್ಮ ಕುರ್ಚಿಯಿಂದ ಎದ್ದರು.

“ಇಂಜಿನಿಯರ್ರೇ, ಆ ಗುಂಡಿ ಎಲ್ಲುಂಟು?”

“ಯಾವ ಗುಂಡಿ ಬಾಯಮ್ಮಾ?”

“ನಿಮ್ದೇ ಪಟದಲ್ಲಿ ಇತ್ತಲ್ಲ ಮಾರಾಯ್ರೇ. ‘ಇದು ಕೊಳಕು ನಿಲ್ಲುವ ಗುಂಡಿ, ಊಟಕ್ಕೆ ತಡವಾಯ್ತು’ ಅಂತ ಬೇಗ ದಾಟ್ಸಿದ್ರಿ.”

ದಾಟಿಸಿದ್ದು ನಿಜ. ಆ ಊರಿನ ಜಾಣತನವೆಲ್ಲ ಆ ಗುಂಡಿಯಲ್ಲಿತ್ತು. ಮನೆಮನೆಯ ಬಚ್ಚಲಿನ ನೀರು ಗೋಡೆಯ ತೂತಿನಿಂದ ಹೊರಬಿದ್ದು ಎಷ್ಟೋ ಕಡೆ ನೇರವಾಗಿ ಬೀದಿಯ ಚರಂಡಿಗೆ ಹೋಗುತ್ತಿರಲಿಲ್ಲ. ಮೊದಲು ಒಂದು ಇಟ್ಟಿಗೆಯ ಗುಂಡಿಗೋ ಮಣ್ಣಿನ ಹಂಡೆಗೋ ಬೀಳುತ್ತಿತ್ತು. ಕಸ ತಳದಲ್ಲಿ ಕೂರುತ್ತಿತ್ತು, ಮೇಲಿನ ನೀರಷ್ಟೇ ಚರಂಡಿಗೆ ತುಳುಕುತ್ತಿತ್ತು. ನೆಟ್ಟಗಿನ ಬೀದಿಗಳ ಉದ್ದಕ್ಕೂ ಓಡುವ ಆ ಚರಂಡಿಗೂ ಅಲ್ಲಲ್ಲಿ ಗುಂಡಿ. ಮೇಲೆ ಇಟ್ಟಿಗೆಯ, ಕಲ್ಲಿನ ಮುಚ್ಚಳ, ಎತ್ತಿ ಕಸ ತೆಗೆಯಲು ಬರುವಂಥದ್ದು. ತೆಗೆದ ಹೂಳಿನ ರಾಶಿ ಚರಂಡಿಯ ಪಕ್ಕದಲ್ಲೇ ಅಗೆಯುವವರಿಗೆ ಸಿಕ್ಕಿದೆ. ನನ್ನ ಪೈಪಿನಲ್ಲಿ ಎತ್ತಲು ಯಾವ ಮುಚ್ಚಳವಿತ್ತು?

ಬಾಯಮ್ಮ ಶರಬತ್ತಿನ ಗಿಡ್ಡ, ಅಗಲ ಡ್ರಮ್ ಖಾಲಿ ಮಾಡಿಸಿದರು. ಅದರ ನಲ್ಲಿ ತಳಕ್ಕಿಂತ ನಾಲ್ಕು ಬೆರಳು ಮೇಲಿತ್ತು. ಪೈಪನ್ನು ಕಳಚಿ ಕೊಡವಿಸಿ ಆ ನಲ್ಲಿಗೆ ಸಿಕ್ಕಿಸಿದರು. ಡ್ರಮ್ಮನ್ನು ತೂತಿನಡಿ ಇಟ್ಟು, ತೂತಿಗೆ ತಾವೇ ಬೆರಳು ಹಾಕಿದರು. ಗುಳುಕ್ ಎಂದಿತು. ಚರಟ ಡ್ರಮ್ಮಿನ ತಳ ಸೇರಿತು, ಎಸಳು ಮೇಲೆ ತೇಲಿತು, ನಡುವಿನ ತೆಳು ಹಾಲು ಸುಮ್ಮನೆ ಬಾತ್‌ರೂಮಿಗೆ ನಡೆಯಿತು.

“ಬಾ ಮಗಾ, ನಿಂದು ಎರೆ,” ಎಂದರು ಮೆಟ್ಟಿಲ ಮೇಲಿದ್ದ ಮಗಳಿಗೆ. ನನಗೆ ಒಂದು ಸೌಟು ಕೊಟ್ಟು, ತಳ ತುಂಬಿದ ಹಾಗೆ ತೆಗೆಯುತ್ತಿರಿ ಎಂದರು. ಕೊನೆಯ ಬಂಧು ಇಳಿಯುವವರೆಗೂ ತೆಗೆದೆ. ಹಾರಿಸ್ ಕೆಳಗಿನ ಸೀಲಿಂಗ್ ನೋಡಿ ಬಂದು ಸಪ್ಪೆ ಮುಖದಲ್ಲಿ ಬಿರಿಯಾನಿ ತಿಂದ.

ಆ ಕೊಳದಲ್ಲಿ ಮಿಂದವರು ಪುರೋಹಿತರೋ ಶ್ರೀಮಂತರೋ ಎಂದು ವಿದ್ವಾಂಸರು ಈಗಲೂ ಜಗಳವಾಡುತ್ತಾರೆ. ಗುಂಡಿಗೆ ಕೈ ಹಾಕಿದವರು ಯಾರೆಂದು ಯಾರಾದರೂ ಜಗಳವಾಡಿದ್ದು ಕೇಳಿದ್ದೀರಾ?