ಡಬಲ್ ಎಕ್ಸೆಲ್ ನೈಟಿಗಳು

ಮೊದಲು ಕೈ ಎತ್ತಿದವರು ಯಾರು ಎಂಬುದು ನನಗೆ ಖಚಿತವಿಲ್ಲ. ನಾನೇ ಎಂದು ಅಕ್ಕ ಹೇಳುತ್ತಾಳೆ. ಇನ್ನೊಬ್ಬರ ಸಾಕ್ಷ್ಯವನ್ನು ಶಂಕಿಸುವುದನ್ನು ಎಂ.ಎ. ಓದುವಾಗ ಕಲಿತೆ. ಇಲ್ಲಿ ಸಾಕ್ಷಿ ನಾನೇ.

ಅಕ್ಕ ಕುಡುಮಲಕುಂಟೆಯ ಕಾರ್ಖಾನೆ ಗೇಟಿನ ಮುಂದೆ ನೈಟಿ ಮಾರುತ್ತಿದ್ದಳು. ಚಿಕ್ಕಬಳ್ಳಾಪುರದ ಸಗಟು ಅಂಗಡಿಯಿಂದ ನೂರ ಎಪ್ಪತ್ತಕ್ಕೆ ತಂದು ಇನ್ನೂರ ಮೂವತ್ತಕ್ಕೆ ಕೊಡುವುದು. ಒಂದಕ್ಕೆ ಅರವತ್ತು ಲಾಭ ಎಂದುಕೊಂಡಿದ್ದಳು. ಬಸ್ಸು, ಆಟೊ, ಕವರಿಗೆ ಹನ್ನೆರಡು ಕಳೆದರೆ ನಲವತ್ತೆಂಟೇ. ಮತ್ತೆ ಮಾರಲಾಗದ ಒಂದು ವಾಪಸ್ ಬಂದರೆ ಸುಮಾರು ನಾಲ್ಕರ ಲಾಭ ಮುಳುಗುತ್ತದೆ ಎಂದಿದ್ದೆ. ಮೊದಲು ತಂದ ಹತ್ತು ಚೆನ್ನಾಗಿದ್ದವು. ಆ ಹತ್ತನ್ನು ನಂಬಿ ಅರವತ್ತು ತಂದಳು.

ಅವುಗಳಲ್ಲಿ ಡಬಲ್ ಎಕ್ಸೆಲ್ ಚೀಟಿಯ ಇಪ್ಪತ್ತೆರಡು ಕಂಕುಳಲ್ಲಿ ಹರಿದು ಗೇಟಿಗೆ ವಾಪಸ್ ಬಂದವು. ಒಬ್ಬ ಹೆಂಗಸು ತನ್ನದನ್ನು ಅಕ್ಕನ ಮುಖಕ್ಕೆ ಎಸೆದು, ಅವಳ ಜಡೆ ಹಿಡಿದು ಜಗ್ಗಿದಳು.

"ನನ್ನ ಮೈ ಊದೈತಾ, ನಿನ್ನ ನೈಟಿ ಬತ್ತೈತಾ? ನಾಳೆ ದುಡ್ಡು ತರದೆ ಈ ಗೇಟ್ ಹತ್ರ ಕಾಲಿಟ್ರೆ ನೋಡು."

ಅಂಗಡಿಯವನು ಆ ಇಪ್ಪತ್ತೆರಡನ್ನು ವಾಪಸ್ ತೆಗೆದುಕೊಂಡರೆ ಮಾತ್ರ ಅಕ್ಕ ಗೇಟಿಗೆ ಮರಳಬಹುದಿತ್ತು. ಮರುದಿನ ಬೆಳಿಗ್ಗೆ ಗಂಟು ಹೊತ್ತು ಇಬ್ಬರೂ ಚಿಕ್ಕಬಳ್ಳಾಪುರಕ್ಕೆ ಹೋದೆವು.

"ತೊಟ್ಟಿರೋ ಬಟ್ಟೆ ನಾವು ಮುಟ್ಟಲ್ಲ ಕಣಮ್ಮ," ಎಂದ ಅವನು.

"ತೊಟ್ಟಿರೋದಲ್ಲಣ್ಣ, ತೊಡಕ್ಕೇ ಆಗ್ದಿರೋದು. ಟೇಪ್ ಹಿಡಿ."

"ಬಿಲ್ ಎಲ್ಲಿ?"

ಬಿಲ್ ಇರಲಿಲ್ಲ. ವಾಪಸಾತಿಯ ಮಾತು ಫೋನಿನಲ್ಲಿ ಬಾಯಿಮಾತಾಗಿ ಆಗಿತ್ತು. ಅಕ್ಕ ತಾನೇ ಟೇಪಿಗೆ ಕೈ ಚಾಚಿದಳು. ಅವನ ಕೈಲಿದ್ದ, ಬಟ್ಟೆ ಅಳೆಯುವ ಕಬ್ಬಿಣದ ಕಡ್ಡಿ ಅವಳ ಮಣಿಕಟ್ಟಿನ ಮೇಲೆ ಬಿತ್ತು. ಆ ಶಬ್ದ ನೆನಪಿದೆ. ಅದಕ್ಕೆ ಮುಂಚೆಯೇ ನಾನು ಅವನ ಕೊರಳಪಟ್ಟಿ ಹಿಡಿದಿದ್ದೆನೋ, ಆಮೇಲೆ ಹಿಡಿದೆನೋ ಗೊತ್ತಿಲ್ಲ. ಅವನ ತಲೆಯನ್ನು ಶಟರಿನ ಅಂಚಿಗೆ ಎರಡು ಸಲ ಗುದ್ದಿದೆ. ಕೆಲಸದವರು ನನ್ನನ್ನು ನೆಲಕ್ಕೆ ಕೆಡವಿ ಪಕ್ಕೆಗೆ ಒದ್ದರು. ಎದ್ದಾಗ ಬಿಚ್ಚಿಕೊಂಡಿದ್ದ ಗಂಟಿನ ಮೇಲೆ ಅವನ ರಕ್ತವೂ ನನ್ನ ರಕ್ತವೂ ಇತ್ತು. ಇನ್ನು ವಾಪಸ್ ಕೇಳಲು ನ್ಯಾಯವೇ ಉಳಿಯಲಿಲ್ಲ.

"ನೀನು ಬಾಯಿ ಮುಚ್ಕೊಂಡು ನಿಂತಿದ್ರೆ ಅರ್ಧನಾದ್ರೂ ತಗೊಂಡಿರ್ತಿದ್ದ ಕಣೋ," ಎಂದಳು ಅಕ್ಕ, ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಹಾಕಿಸಿಕೊಳ್ಳುತ್ತಾ.

ಬಂಡವಾಳದಲ್ಲಿ ಉಳಿದಿದ್ದುದನ್ನೆಲ್ಲ ಆ ಹೆಂಗಸರಿಗೆ ಹಿಂತಿರುಗಿಸಿದಳು. ಅವಳ ಜಡೆ ಜಗ್ಗಿದವಳೇ ಎಣಿಸಿ ತೆಗೆದುಕೊಂಡು, "ಕೈಗೇನಾಯ್ತಕ್ಕಾ?" ಎಂದಳಂತೆ. ಈಗ ಅಕ್ಕ ಬೇರೆ ಕಡೆಯಿಂದ ತರುತ್ತಾಳೆ. ಪ್ರತಿ ಸಲವೂ ಹತ್ತೇ. ಪ್ರತಿ ನೈಟಿಯನ್ನೂ ಅಳೆದ ಮೇಲೆಯೇ ದುಡ್ಡು ಕೊಡುತ್ತಾಳೆ; ವಾಪಸಾತಿಯ ಮಾತನ್ನು ಮೆಸೇಜಿನಲ್ಲಿ ಬರೆಸಿಕೊಳ್ಳುತ್ತಾಳೆ.

ಅಳತೆಯ ತಪ್ಪು ನಮ್ಮದೇ ಆಗಿತ್ತೋ ಏನೋ ಎಂಬ ಅನುಮಾನ ನನ್ನನ್ನು ಬಿಡಲಿಲ್ಲ. ಕಳೆದ ತಿಂಗಳು ಮನೆಯಲ್ಲಿ ಉಳಿದಿದ್ದ ಇಪ್ಪತ್ತೆರಡೂ ನೈಟಿಗಳ ಕುತ್ತಿಗೆಯ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚಿ ನೋಡಿದೆ. ಪ್ರತಿಯೊಂದರ ಡಬಲ್ ಎಕ್ಸೆಲ್ ಚೀಟಿಯ ಕೆಳಗೂ ಕತ್ತರಿಸಿದ ಇನ್ನೊಂದು ಚೀಟಿಯ ತುಂಡಿತ್ತು. ಅದರಲ್ಲಿ ಎಲ್ ಎಂದಷ್ಟೇ ಇತ್ತು.